ಸಾರಾಂಶವಿಲ್ಲದ ಹಾಳೆ

ಎಂ.ಎ. ತರಗತಿಯ ವಾರದ ಸೆಮಿನಾರ್‌ಗೆಂದು ಸಿದ್ಧಪಡಿಸಿದ ಒಂದು ಹ್ಯಾಂಡ್‌ಔಟ್ ಈಚೆಗೆ ನನ್ನ ಕೈಸೇರಿತು. ಓದಬೇಕಿದ್ದುದು ಅಂಬೇಡ್ಕರ್ ಅವರ 'ಜಾತಿ ವಿನಾಶ'. ಮೊದಲ ಅರ್ಧ ಪುಟ ಲೇಖಕರ ಜೀವನ, ಆಮೇಲೆ ಕೃತಿಯ ಸಾರಾಂಶ, ನಂತರ ನಾಲ್ಕು ಪ್ರಸಿದ್ಧ ವಾಕ್ಯಗಳು, ಕೊನೆಗೆ 'ಚರ್ಚಿಸಿ' ಎಂದು ಮುಗಿಯುವ ಐದು ಪ್ರಶ್ನೆಗಳು. ಶ್ರದ್ಧೆಯಿಂದ ಮಾಡಿದ ಕೆಲಸ. ಆದರೂ ಇದು ಚರ್ಚೆಗೆ ಒದಗುವುದಿಲ್ಲ. ಸಾರಾಂಶ ಸಿಕ್ಕ ವಿದ್ಯಾರ್ಥಿ ಪುಸ್ತಕ ತೆರೆಯುವುದಿಲ್ಲ. ತರಗತಿಯಲ್ಲಿ ಎಲ್ಲರ ಕಣ್ಣೂ ಹಾಳೆಯ ಮೇಲೆಯೇ ಇರುತ್ತದೆ.

ನನ್ನ ಮುಖ್ಯ ತಕರಾರು ಆಯ್ದ ಭಾಗಗಳ ಬಗ್ಗೆ. ಜಾತಿಯೆಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂಬ ನಾಲ್ಕನೆಯ ವಿಭಾಗದ ಮಾತು ಇಂಥ ಎಲ್ಲ ಹಾಳೆಗಳಲ್ಲೂ ಇರುತ್ತದೆ, ಇಲ್ಲೂ ಇತ್ತು. ಆದರೆ ಆ ವಾಕ್ಯ ಮುಗಿದಲ್ಲೇ ಕತ್ತರಿ ಬಿದ್ದಿದೆ. ಅದರ ಬೆನ್ನಿಗೆ ಬರುವುದೇ ವಾದದ ಬಲ: ಈ ವಿಭಜನೆ ಮೇಲುಕೀಳಿನ ಶ್ರೇಣಿಯುಳ್ಳದ್ದು, ವ್ಯಕ್ತಿಯ ಸಹಜ ಒಲವನ್ನು ಆಧರಿಸಿದ್ದಲ್ಲ, ಕಸುಬು ಬದಲಿಸಲು ಬಿಡದೆ ನಿರುದ್ಯೋಗಕ್ಕೂ ಕಾರಣವಾಗುತ್ತದೆ. ಇವು ಬಿಟ್ಟುಹೋದರೆ ಉಳಿಯುವುದು ಭಿತ್ತಿಪತ್ರಕ್ಕೆ ಒಪ್ಪುವ ಘೋಷಣೆ. ಘೋಷಣೆಯನ್ನು ಒಪ್ಪಬಹುದು, ಬಿಡಬಹುದು. ಅದರ ಜೊತೆ ವಾದಕ್ಕಿಳಿಯಲು ಆಗುವುದಿಲ್ಲ.

ಇಡೀ ಕೃತಿ ತಿರುವು ಪಡೆಯುವ ಇಪ್ಪತ್ತನೆಯ ವಿಭಾಗ ಆ ಹಾಳೆಯಲ್ಲಿ ಇರಲೇ ಇಲ್ಲ. ಅಲ್ಲಿ ಅಂಬೇಡ್ಕರ್ ಸುಧಾರಕರ ಮದ್ದುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಉಪಜಾತಿಗಳನ್ನು ಕೂಡಿಸುವುದು ಸಾಲದು, ಸಹಭೋಜನವೂ ಸಾಲದು, ನಿಜವಾದ ಮದ್ದು ಅಂತರ್ಜಾತಿ ವಿವಾಹ. ಹಾಗಾದರೆ ಜನ ಅದಕ್ಕೇಕೆ ಒಪ್ಪುವುದಿಲ್ಲ? ಅವರು ಕೆಟ್ಟವರೆಂದಲ್ಲ, ಧರ್ಮನಿಷ್ಠರು ಎಂಬುದರಿಂದ. ಹೀಗೆ ಹೋರಾಟದ ಗುರಿ ಜನರಿಂದ ಶಾಸ್ತ್ರದ ಪಾವಿತ್ರ್ಯದ ಕಡೆಗೆ ಹೊರಳುತ್ತದೆ. ಈ ಭಾಗವನ್ನು ಆಯ್ದುಕೊಳ್ಳುವವರು ಸಹಭೋಜನದ ಮಾತಿನಿಂದಲೇ ಶುರುಮಾಡಬೇಕು. ಕೊನೆಯ ತೀರ್ಮಾನವನ್ನಷ್ಟೇ ಕೊಟ್ಟರೆ ಅದು ಸಿಟ್ಟಿನ ಮಾತಿನಂತೆ ಕೇಳಿಸುತ್ತದೆ. ಮೆಟ್ಟಿಲುಗಳ ಸಮೇತ ಕೊಟ್ಟಾಗ ಮಾತ್ರ ಅದು ತರ್ಕವೆಂದು ತಿಳಿಯುತ್ತದೆ.

ಇದರ ಜೊತೆಗೆ ಪೀಠಿಕೆಯ ಪತ್ರವ್ಯವಹಾರದಿಂದ ಒಂದು ತುಣುಕು ಬೇಕು. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅಂಬೇಡ್ಕರ್ ಅವರನ್ನು ಅಧ್ಯಕ್ಷರೆಂದು ಕರೆದಿತ್ತು. ಭಾಷಣದ ಕೆಲವು ಭಾಗ ಕೈಬಿಡಿ ಎಂದು ಮಂಡಲದವರು ಕೇಳಿದರು, ಇವರು ಒಪ್ಪಲಿಲ್ಲ, ಸಮ್ಮೇಳನ ನಡೆಯಲಿಲ್ಲ. ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಜಾತಿ ಮುರಿಯಲೆಂದೇ ಕಟ್ಟಿದ ಸಂಸ್ಥೆ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಈ ಪತ್ರಗಳು ತೋರಿಸುತ್ತವೆ. ಇಪ್ಪತ್ತನೆಯ ವಿಭಾಗದ ಪಕ್ಕದಲ್ಲಿಟ್ಟರೆ ಎರಡೂ ಒಂದನ್ನೊಂದು ಬೆಳಗುತ್ತವೆ. ಮೂರು ಭಾಗ ಸಾಕು, ಒಂದೊಂದೂ ಸುಮಾರು ಇನ್ನೂರು ಪದ. ಗುರುತಿಗೆ ಪುಟಸಂಖ್ಯೆಗಿಂತ ವಿಭಾಗದ ಸಂಖ್ಯೆ ಮೇಲು, ಏಕೆಂದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಆವೃತ್ತಿ, ಒಂದೊಂದು ಅನುವಾದ ಇರುತ್ತದೆ. ಸಾಲುಗಳಿಗೆ ಐದೈದಕ್ಕೊಮ್ಮೆ ಸಂಖ್ಯೆ ಕೊಟ್ಟರೆ ಮಾತಿನ ನಡುವೆ ಹುಡುಕಾಟ ತಪ್ಪುತ್ತದೆ.

ಪ್ರಶ್ನೆಗಳ ವಿಷಯಕ್ಕೆ ಬಂದರೆ, 'ಜಾತಿ ಇಂದಿಗೂ ಇದೆಯೇ, ಚರ್ಚಿಸಿ' ಎಂಬುದಕ್ಕೆ ಪುಸ್ತಕ ಮುಟ್ಟದವರೂ ಹತ್ತು ನಿಮಿಷ ಮಾತಾಡಬಲ್ಲರು. ಅದೇ ಅದರ ದೋಷ. 'ಸಹಭೋಜನ ಸಾಲದು ಎನ್ನಲು ಅಂಬೇಡ್ಕರ್ ಕೊಡುವ ಕಾರಣ ಯಾವ ಸಾಲಿನಲ್ಲಿದೆ?' ಎಂದು ಕೇಳಿದರೆ ಎಲ್ಲರೂ ಪಠ್ಯಕ್ಕೆ ಬಗ್ಗಬೇಕಾಗುತ್ತದೆ. ಅದು ತಳಪಾಯ. ಅದರ ಮೇಲೆ ಇನ್ನೊಂದು ಪ್ರಶ್ನೆ ನಿಲ್ಲಲಿ: ಶಾಸ್ತ್ರವನ್ನು ಓದದ, ನಂಬದ ಕುಟುಂಬಗಳೂ ಜಾತಿಯೊಳಗೇ ಸಂಬಂಧ ಹುಡುಕುತ್ತವೆ, ಇದನ್ನು ಈ ವಾದ ವಿವರಿಸುತ್ತದೆಯೇ, ಅಥವಾ ಶಾಸ್ತ್ರದ ಜಾಗದಲ್ಲಿ ಬೇರೇನೋ ಕೂತಿದೆಯೇ? ಇಲ್ಲಿ ಪಠ್ಯವೂ ಪರೀಕ್ಷೆಗೆ ಒಳಗಾಗುತ್ತದೆ, ಶಿಕ್ಷಕರ ಬಳಿಯೂ ಸಿದ್ಧ ಉತ್ತರವಿಲ್ಲ.

ಆ ಹಾಳೆಯ ಐದನೆಯ ಪ್ರಶ್ನೆ ನನ್ನನ್ನು ತೀರಾ ಕಾಡಿತು: ನಿಮ್ಮ ಜಾತಿಯ ಅನುಭವ ಹಂಚಿಕೊಳ್ಳಿ. ಉದ್ದೇಶ ಒಳ್ಳೆಯದಿರಬಹುದು. ಆದರೆ ಮೂವತ್ತು ಮಂದಿಯ ಕೋಣೆಯಲ್ಲಿ ಆ ಪ್ರಶ್ನೆ ಎಲ್ಲರನ್ನೂ ಸಮಾನವಾಗಿ ಮುಟ್ಟುವುದಿಲ್ಲ. ಎಲ್ಲರೂ ತಿರುಗಿ ನೋಡುವುದು ದಲಿತ ವಿದ್ಯಾರ್ಥಿಗಳ ಕಡೆಗೆ. ಅವರು ತಮ್ಮ ನೋವಿನ ಸಾಕ್ಷಿ ನುಡಿಯಬೇಕು, ಉಳಿದವರು ಕೇಳಿ ಕರಗಬೇಕು. ವಾದದ ಗ್ರಂಥವೊಂದು ಹೀಗೆ ಕರುಣೆಯ ಕಥೆಯಾಗಿಬಿಡುತ್ತದೆ. ಯಾರಾದರೂ ತಾವಾಗಿ ಹೇಳಿದರೆ ಅದು ಬೇರೆ ಮಾತು, ಅದಕ್ಕೆ ತರಗತಿ ಎಡೆಮಾಡಿಕೊಡಬೇಕು. ಹಾಳೆಯಲ್ಲಿ ಅಚ್ಚಾಗಿ ಅದೊಂದು ಕೆಲಸವೆಂಬಂತೆ ಬರಕೂಡದು.

ಹೀಗೆ ಮಾಡಿದ ಹಾಳೆ ಎರಡು ಪುಟ ಮೀರುವುದಿಲ್ಲ, ತೊಂಬತ್ತು ನಿಮಿಷಕ್ಕೆ ಮೂರು ಪ್ರಶ್ನೆ ಧಾರಾಳ. ಇನ್ನೊಂದು ಸಲಹೆ: ಇಪ್ಪತ್ತನಾಲ್ಕನೆಯ ವಿಭಾಗವನ್ನು ಬೇಕೆಂದೇ ಹೊರಗಿಡಬೇಕು. ಪೌರೋಹಿತ್ಯ ವಂಶಪಾರಂಪರ್ಯವಾಗಿರಬಾರದು, ಪುರೋಹಿತನಾಗುವವನು ಸರ್ಕಾರದ ಪರೀಕ್ಷೆ ಪಾಸು ಮಾಡಿರಬೇಕು ಎಂಬ ಅಚ್ಚರಿಯ ಸಲಹೆಗಳು ಅಲ್ಲಿವೆ. ಧರ್ಮವನ್ನು ಕೆಡವಬೇಕೆಂದವರು ಪುರೋಹಿತನಿಗೆ ಪರೀಕ್ಷೆ ಇಡಿ ಎನ್ನುವುದೇಕೆ ಎಂದು ಯಾರಾದರೂ ತಾವಾಗಿ ಎದ್ದು ಕೇಳಿದರೆ, ಅವರು ಹಾಳೆಯನ್ನು ದಾಟಿ ಪುಸ್ತಕಕ್ಕೆ ಹೋಗಿದ್ದಾರೆ ಎಂದು ಗೊತ್ತಾಗುತ್ತದೆ. ಆಗ ಮೂರನೆಯ ಪ್ರಶ್ನೆಯನ್ನು ಬಿಟ್ಟು ಆ ಪ್ರಶ್ನೆಯನ್ನೇ ಕೈಗೆತ್ತಿಕೊಳ್ಳಬೇಕು.