ನಾಮಿನಿಗೆ ತಲುಪದ ಪತ್ರ

ಸ್ವಸಹಾಯ ಸಂಘಕ್ಕೆ ಕಿರುವಿಮೆಯನ್ನು ಪರಿಚಯಿಸುವ ಪತ್ರ ಸಾಮಾನ್ಯವಾಗಿ ಒಂದೇ ಪುಟದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಸಂಘಗಳಲ್ಲಿ ಅದನ್ನು ವಾರದ ಸಭೆಯಲ್ಲಿ ಪ್ರತಿನಿಧಿ ಓದುತ್ತಾಳೆ, ಉಳಿದವರು ಕೇಳುತ್ತಾರೆ, ಠರಾವು ಪುಸ್ತಕದಲ್ಲಿ ಒಂದು ಸಾಲು ಬೀಳುತ್ತದೆ. ಪತ್ರದ ವಿಷಯ ಹೆಚ್ಚಾಗಿ ಕೇಂದ್ರ ಸರ್ಕಾರ 2015ರ ಮೇ 9ರಂದು ಆರಂಭಿಸಿದ ಎರಡು ಯೋಜನೆಗಳು. ಜೀವನ ಜ್ಯೋತಿ ಬಿಮಾ ಯೋಜನೆಗೆ ಸೇರಿದವರು ಯಾವ ಕಾರಣದಿಂದ ಸತ್ತರೂ 2 ಲಕ್ಷ ರೂಪಾಯಿ ಸಿಗುತ್ತದೆ. ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವಿಗೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಹೋದರೆ 1 ಲಕ್ಷ ಕೊಡುತ್ತದೆ. ಮೊದಲನೆಯದಕ್ಕೆ 18ರಿಂದ 50 ವರ್ಷದೊಳಗೆ ಸೇರಬೇಕು, ಎರಡನೆಯದಕ್ಕೆ 70ರವರೆಗೂ ಅವಕಾಶವಿದೆ. 2022ರ ಜೂನ್ 1ರಿಂದ ವರ್ಷದ ಕಂತು ಕ್ರಮವಾಗಿ 436 ಮತ್ತು 20 ರೂಪಾಯಿ.

ಈ ಪತ್ರಗಳಿಗೆ ಒಳ್ಳೆಯ ಹೆಸರಿದೆ. ತರಬೇತಿ ಕೊಡುವವರು ಇವನ್ನು ಸರಳ ಕನ್ನಡದ ಮಾದರಿ ಎಂದು ತೋರಿಸುತ್ತಾರೆ. ಕಂತನ್ನು ಪರಿಚಯಿಸುವ ಭಾಗಕ್ಕೆ ಆ ಹೊಗಳಿಕೆ ಸಲ್ಲುತ್ತದೆ. ಎಷ್ಟು ಕೊಡಬೇಕು, ಯಾವ ವಯಸ್ಸಿನವರು ಸೇರಬಹುದು, ಯಾವ ಕಾಗದ ತರಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಆದರೆ ವಿಮೆಯ ಪತ್ರದ ಪರೀಕ್ಷೆ ನಡೆಯುವುದು ಸೇರುವ ದಿನವಲ್ಲ, ಹಣ ಕೇಳುವ ದಿನ. ಆ ದಿನಕ್ಕೆ ಇವು ಉಳಿಸಿಡುವುದು ಕೊನೆಯ ಎರಡು ಸಾಲು ಮಾತ್ರ: ಮರಣ ಸಂಭವಿಸಿದರೆ ನಾಮಿನಿಯು ಅಗತ್ಯ ದಾಖಲೆಗಳೊಂದಿಗೆ ಬ್ಯಾಂಕನ್ನು ಸಂಪರ್ಕಿಸಬೇಕು ಎಂಬ ಅರ್ಥದ ಸೂಚನೆ. ಇಡೀ ಪತ್ರದ ಬೆಲೆ ನಿಂತಿರುವುದು ಈ ಸೂಚನೆಯ ಮೇಲೆ, ಸೋಲುವುದೂ ಇಲ್ಲಿಯೇ.

ಸೂಚನೆಯಲ್ಲಿ ಮೊದಲು ಬರುವವರು ನಾಮಿನಿ. ಪತ್ರವನ್ನು ಕೇಳಿದವಳು ಸಂಘದ ಸದಸ್ಯೆ. ಹಣ ಕೇಳಬೇಕಾದವನು ಆ ಸಭೆಗೆ ಎಂದೂ ಬಾರದ ಗಂಡ, ಇಲ್ಲವೆ ಹೈಸ್ಕೂಲಿನಲ್ಲಿ ಓದುವ ಮಗಳು. ಪತ್ರದ ಕೊನೆಯ ಭಾಗ ಯಾರಿಗಾಗಿ ಬರೆದದ್ದೋ ಅವರು ಅದನ್ನು ಕೇಳಿಯೇ ಇರುವುದಿಲ್ಲ. ಕೇಳಿದವಳು ಬದುಕಿರುವವರೆಗೆ ಅದರ ಕೆಲಸವೂ ಇಲ್ಲ. ಈ ಯೋಜನೆಗಳಲ್ಲಿ ಬಾಂಡ್ ಕಾಗದ ಮನೆಗೆ ಬರುವುದಿಲ್ಲ. ಬ್ಯಾಂಕೇ ವಿಮಾ ಕಂಪನಿಯ ಜೊತೆ ಒಟ್ಟು ಪಾಲಿಸಿ ಮಾಡಿಕೊಂಡಿರುತ್ತದೆ. ಸದಸ್ಯೆಯ ಕಡೆ ಉಳಿಯುವ ಗುರುತೆಂದರೆ ಸೇರುವಾಗ ಕೊಟ್ಟ ರಸೀದಿ ತುಂಡು ಮತ್ತು ಪಾಸ್‌ಬುಕ್ಕಿನಲ್ಲಿ 436 ಕಡಿತವಾದ ಒಂದು ಸಾಲು. ಪಾಸ್‌ಬುಕ್ಕಿನಲ್ಲಿ ಆ ಸಾಲನ್ನು ಹುಡುಕಿ ಎಂದು ಮನೆಯವರಿಗೆ ಹೇಳುವವರಿಲ್ಲ. ಖಾತೆಯಲ್ಲಿ ಉಳಿದಿದ್ದ ಸ್ವಲ್ಪ ಹಣ ಪಡೆದು ಅದನ್ನು ಮುಚ್ಚಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಪತ್ರ ಸಂಘದ ಹೆಸರಿಗೆ ಬರುವುದರಿಂದ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಸಾಲ ಸಂಘದ್ದು, ಉಳಿತಾಯ ಸಂಘದ್ದು, ಹಾಗಾಗಿ ವಿಮೆಯೂ ಸಂಘದ್ದು ಎಂದು ಸದಸ್ಯೆಯರು ತಿಳಿಯುತ್ತಾರೆ. ವಿಮೆ ಇರುವುದು ಒಬ್ಬೊಬ್ಬಳ ಸ್ವಂತ ಉಳಿತಾಯ ಖಾತೆಯ ಮೇಲೆ. ಸಂಘದ ಲೆಕ್ಕದ ಪುಸ್ತಕದಲ್ಲಿ ವಿಮೆಗೆಂದು ಜಮಾ ಬರೆದರೂ ಸದಸ್ಯೆಯ ಖಾತೆಯಿಂದ ಕಂತು ಕಡಿತವಾಗಿರದಿದ್ದರೆ ಅವಳಿಗೆ ವಿಮೆ ಇಲ್ಲ. ಎರಡು ಬ್ಯಾಂಕುಗಳಲ್ಲಿ ಖಾತೆ ಇಟ್ಟು ಎರಡು ಕಡೆ ಕಂತು ಕಟ್ಟಿದರೂ ಸಿಗುವುದು ಒಂದೇ 2 ಲಕ್ಷ.

ಕಂತಿನ ಭಾಗದಲ್ಲೂ ಒಂದು ಗಂಟು ಬಿಚ್ಚದೆ ಉಳಿದಿರುತ್ತದೆ. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ. ನಡುವೆ ಸೇರಿದವರಿಗೆ ಜೀವನ ಜ್ಯೋತಿಯಲ್ಲಿ ಕಂತು ಇಳಿಯುತ್ತದೆ: ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ 342, ಡಿಸೆಂಬರಿನಿಂದ ಫೆಬ್ರವರಿವರೆಗೆ 228, ಮಾರ್ಚಿನಿಂದ ಮೇವರೆಗೆ 114 ರೂಪಾಯಿ. ಇಂಡಿ ತಾಲ್ಲೂಕಿನ ಒಬ್ಬ ಸದಸ್ಯೆ ಮಾರ್ಚ್ 10ರಂದು 114 ರೂಪಾಯಿಗೆ ಸೇರಿದಳು ಎಂದಿಟ್ಟುಕೊಳ್ಳಿ. ಮೊದಲ 30 ದಿನ ಕಾಯುವ ಅವಧಿ. ಅಷ್ಟರಲ್ಲಿ ಕಾಯಿಲೆಯಿಂದ ಸತ್ತರೆ ಹಣ ಬರುವುದಿಲ್ಲ, ಅಪಘಾತದಿಂದ ಸತ್ತರೆ ಬರುತ್ತದೆ. ಸುರಕ್ಷಾ ಬಿಮಾಕ್ಕೂ ಸೇರಿದ್ದರೆ ಮೇ ಕೊನೆಯ ವಾರದಲ್ಲಿ ಖಾತೆಯಿಂದ 436 ಮತ್ತು 20, ಒಟ್ಟು 456 ರೂಪಾಯಿ ಕಡಿತಕ್ಕೆ ಬರುತ್ತದೆ. ಮೂರು ತಿಂಗಳೂ ತುಂಬಿರುವುದಿಲ್ಲ. ಒಂದೇ ವರ್ಷಕ್ಕೆ ಎರಡು ಸಲ ಹಣ ಕಡಿದರು ಎಂಬ ಸಿಟ್ಟು ಸಭೆಯಲ್ಲಿ ಏಳುತ್ತದೆ, ಕೆಲವರು ಯೋಜನೆಯನ್ನೇ ಬಿಡುತ್ತಾರೆ. ಇನ್ನು ಕೆಲವರ ಖಾತೆಯಲ್ಲಿ ಆ ವಾರ ಅಷ್ಟು ಹಣ ಇರುವುದೇ ಇಲ್ಲ. ಮುಂಗಾರಿನ ಬೀಜ ಗೊಬ್ಬರಕ್ಕೆ ರೊಕ್ಕ ಹೊಂದಿಸುವ ಹೊತ್ತು ಅದು. ಕಡಿತವಾಗದಿದ್ದರೆ ವಿಮೆ ನಿಲ್ಲುತ್ತದೆ, ಮತ್ತೆ ಸೇರಿದರೆ 30 ದಿನದ ಕಾಯುವಿಕೆಯೂ ಮತ್ತೆ ಶುರುವಾಗುತ್ತದೆ. ಮೇ 20ರೊಳಗೆ ಖಾತೆಯಲ್ಲಿ 456 ರೂಪಾಯಿ ಇರಲಿ ಎಂಬ ಒಂದು ವಾಕ್ಯ, ಯೋಜನೆಯ ಉದ್ದೇಶ ವಿವರಿಸುವ ಇಡೀ ಪ್ಯಾರಾಕ್ಕಿಂತ ಹೆಚ್ಚು ಮನೆಗಳನ್ನು ಕಾಯುತ್ತದೆ.

ಸೂಚನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಅಗತ್ಯ ದಾಖಲೆ’ ಎಂಬ ಮಾತು. ಎರಡು ಯೋಜನೆಗಳನ್ನು ಜೊತೆಗಿಟ್ಟು, ಅಪಘಾತವಾದರೆ ಒಟ್ಟು 4 ಲಕ್ಷ ಎಂದು ಪತ್ರ ಹೇಳುತ್ತದೆ. ಲೆಕ್ಕ ಸರಿಯೇ. ಆದರೆ ಆ ಎರಡು 2 ಲಕ್ಷಗಳು ಬೇರೆ ಬೇರೆ ಪುರಾವೆ ಕೇಳುತ್ತವೆ. ಸಿಂದಗಿ ಭಾಗದ ತೊಗರಿ ಹೊಲದಲ್ಲಿ ಸದಸ್ಯೆಯೊಬ್ಬಳಿಗೆ ಹಾವು ಕಚ್ಚಿತು ಎಂದುಕೊಂಡು ನೋಡಬಹುದು. ಮನೆಯವರು ಮೊದಲು ಮಂತ್ರ ಹಾಕುವವರ ಕಡೆ ಒಯ್ಯುತ್ತಾರೆ, ಆಸ್ಪತ್ರೆಯ ದಾರಿಯಲ್ಲಿ ಜೀವ ಹೋಗುತ್ತದೆ, ಹೆಣವನ್ನು ಹಾಗೆಯೇ ಊರಿಗೆ ತಂದು ಮಣ್ಣು ಮಾಡುತ್ತಾರೆ. ಜೀವನ ಜ್ಯೋತಿಯ ಹಣಕ್ಕೆ ಇದರಿಂದ ತೊಂದರೆಯಿಲ್ಲ. ಅಲ್ಲಿ ಸಾವಿನ ಕಾರಣ ಲೆಕ್ಕಕ್ಕಿಲ್ಲ, ಮರಣ ಪ್ರಮಾಣಪತ್ರ ಸಾಕು. ಸುರಕ್ಷಾ ಬಿಮಾದ ಹಣ ಮಾತ್ರ ಕೈತಪ್ಪುತ್ತದೆ. ಹಾವು ಕಡಿತ, ಮರದಿಂದ ಬೀಳುವಂಥ ಪ್ರಸಂಗಗಳಲ್ಲಿ ಪೊಲೀಸ್ ದೂರಿನ ಬದಲು ಕೂಡಲೇ ಆಸ್ಪತ್ರೆಯಲ್ಲಿ ಬರೆಸಿದ ದಾಖಲೆಯನ್ನು ಯೋಜನೆಯ ನಿಯಮ ಒಪ್ಪುತ್ತದೆ. ಈ ಮನೆಯವರ ಹತ್ತಿರ ಅದೂ ಇಲ್ಲ, ಮರಣೋತ್ತರ ಪರೀಕ್ಷೆಯ ವರದಿಯೂ ಇಲ್ಲ. ಸತ್ತದ್ದು ಹಾವು ಕಚ್ಚಿ ಎಂದು ಇಡೀ ಊರಿಗೆ ಗೊತ್ತು, ಅದನ್ನು ಹೇಳುವ ಕಾಗದ ಒಂದೂ ಇಲ್ಲ. ತಿಂಗಳ ನಂತರ ಅದನ್ನು ಹುಟ್ಟಿಸಲು ಯಾರಿಂದಲೂ ಆಗದು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಅಪರಾಧದಿಂದಾದ ಸಾವು ಇವಕ್ಕೆ ಪೊಲೀಸರಿಗೆ ತಿಳಿಸಿರಲೇಬೇಕು. ಆತ್ಮಹತ್ಯೆ ಸುರಕ್ಷಾ ಬಿಮಾದೊಳಗೆ ಬರುವುದಿಲ್ಲ. ಅಪಘಾತದ ಕ್ಲೇಮನ್ನು 30 ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕೆಂಬ ಕಟ್ಟೂ ಇದೆ.

ಅಪಘಾತದ ಹಣ ಸಿಗುತ್ತದೋ ಇಲ್ಲವೋ ಎಂಬುದು ಸಾವಿನ ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗಿರುತ್ತದೆ ಎಂದಾಯಿತು. ಒಳ್ಳೆಯ ಪತ್ರ ಈ ಗಂಟೆಗಳ ಬಗ್ಗೆ ಮಾತಾಡಬೇಕು: ಹಾವು ಕಚ್ಚಿದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ, ಜೀವ ಉಳಿದರೆ ಅದೇ ದೊಡ್ಡದು, ಉಳಿಯದಿದ್ದರೆ ಅಲ್ಲಿಯ ಚೀಟಿಯನ್ನು ಬಿಡದೆ ಇಟ್ಟುಕೊಳ್ಳಿ, ಮಣ್ಣಿಗೆ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ. ಚಲಾವಣೆಯಲ್ಲಿರುವ ಮಾದರಿಗಳು ಇದನ್ನು ಹೇಳುವುದಿಲ್ಲ. ಸಾವಿನ ಮಾತು ಸಭೆಯಲ್ಲಿ ಬೇಡ ಎಂಬ ಸಂಕೋಚ ಅರ್ಥವಾಗುವಂಥದ್ದು, ಆದರೆ ಸಾವಿನ ವಿಮೆಯನ್ನು ಪರಿಚಯಿಸುವವರಿಗೆ ಆ ಸಂಕೋಚ ತಕ್ಕುದಲ್ಲ.

ಇಲ್ಲಿ ಸರಳತೆಯ ಪಕ್ಷದವರ ಜೊತೆ ಜಗಳ ಅನಿವಾರ್ಯ. ಪತ್ರ ಒಂದು ಪುಟ ದಾಟಬಾರದು, ಷರತ್ತುಗಳನ್ನು ಹೇಳಿದರೆ ಹೆಂಗಸರು ಹೆದರುತ್ತಾರೆ, ವಿವರ ಬೇಕಾದವರು ಬ್ಯಾಂಕಿನಲ್ಲಿ ಕೇಳಲಿ ಎಂಬುದು ಅವರ ವಾದ. ಈ ವಾದ ಓದುಗರನ್ನು ಬಹಳ ಕಡಿಮೆ ಅಂದಾಜು ಮಾಡುತ್ತದೆ. ಸಂಘದ ಸಾಲದ ಬಡ್ಡಿ, ತಪ್ಪಿದ ಕಂತಿನ ದಂಡ, ಅಸಲು ತೀರಿಕೆಯ ಲೆಕ್ಕವನ್ನು ವಾರವಾರ ಬಾಯಲ್ಲೇ ಮಾಡುವ ಹೆಂಗಸರು 342 ಮತ್ತು 228ರ ವ್ಯತ್ಯಾಸಕ್ಕೆ ಹೆದರುವುದಿಲ್ಲ. ಹೆದರುವುದಿದ್ದರೆ ಹಣ ಬಾರದೆ ಹೋದ ಒಂದು ಮನೆಯನ್ನು ಕಂಡು ಹೆದರುತ್ತಾರೆ. ಷರತ್ತನ್ನು ಬಿಟ್ಟ ಪತ್ರ ಷರತ್ತನ್ನು ಸರಳ ಮಾಡಿಲ್ಲ, ಮುಚ್ಚಿಟ್ಟಿದೆ. ಇನ್ನೊಂದು ಪಕ್ಷದವರು, 2 ಲಕ್ಷ ಯಾವ ಮೂಲೆಗೆ ಸಾಕು, ಪತ್ರದ ಭಾಷೆಯನ್ನು ಅಳೆಯುತ್ತ ಕೂರುವುದು ವ್ಯರ್ಥ ಎನ್ನುತ್ತಾರೆ. ಮೊತ್ತ ಚಿಕ್ಕದು ಎಂಬುದು ನಿಜ. ಆದರೆ ಸತ್ತವಳ ಹೆಸರಿನ ಸಂಘದ ಸಾಲ ತೀರಿಸಿ ಮಗಳ ಓದಿಗೆ ಒಂದಿಷ್ಟು ಉಳಿಸುವ ಹಣ ಅದು. ಬಾರದೆ ಹೋದಾಗ ಅದರ ಗಾತ್ರ ಗೊತ್ತಾಗುತ್ತದೆ.

ಗುಳೆ ಹೋಗುವವರಿಗೆ ಪತ್ರದಲ್ಲಿ ಜಾಗವೇ ಇಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋದವರು ಅಲ್ಲಿಯೇ ಸತ್ತರೆ ಸಾವಿನ ನೋಂದಣಿ ಅಲ್ಲಿಯೇ ಆಗಬೇಕು. ಊರಿನ ಪಂಚಾಯಿತಿಯಲ್ಲಿ ಆಗುವುದಿಲ್ಲ. 21 ದಿನದೊಳಗಾದರೆ ತಡದ ಶುಲ್ಕವಿಲ್ಲ. ಹೆಣದ ಜೊತೆ ಊರಿಗೆ ಬಂದವರು ಮರಣ ಪ್ರಮಾಣಪತ್ರಕ್ಕಾಗಿ ಸೊಲ್ಲಾಪುರ, ಸಾಂಗ್ಲಿ ಕಡೆ ಮತ್ತೆ ತಿರುಗುವುದು ಇದು ಗೊತ್ತಿಲ್ಲದೆ. ಹೆಸರಿನ ತೊಡಕೂ ಈ ಭಾಗದ್ದೇ. ಆಧಾರ್‌ನಲ್ಲಿ ಮಲ್ಲಮ್ಮ, ಪಾಸ್‌ಬುಕ್ಕಿನಲ್ಲಿ ಮಲ್ಲವ್ವ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಅಡ್ಡಹೆಸರು ಎಂದಾದರೆ ಅರ್ಜಿ ಹಿಂದೆ ಬರುತ್ತದೆ. ಸೇರುವ ದಿನವೇ ಇದನ್ನು ಹೊಂದಿಸಿದರೆ ಅರ್ಧ ಗಂಟೆಯ ಕೆಲಸ. ನಾಮಿನಿ ಅಪ್ರಾಪ್ತರಾಗಿದ್ದರೆ ಅವರ ಪರವಾಗಿ ಹಣ ಪಡೆಯುವವರ ಹೆಸರನ್ನೂ ಬರೆಸಬೇಕು.

ಕ್ಲೇಮಿಗೆ ಬೇಕಾಗುವ ಕಾಗದಗಳು ನಿಜಕ್ಕೂ ಹೆಚ್ಚೇನಿಲ್ಲ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ನಾಮಿನಿಯ ಪಾಸ್‌ಬುಕ್ಕಿನ ಮೊದಲ ಪುಟ, ಅಪಘಾತವಾದರೆ ಮೇಲೆ ಹೇಳಿದ ಪುರಾವೆ. ಅರ್ಜಿಯ ನಮೂನೆ jansuraksha.gov.in ತಾಣದಲ್ಲಿ ಕನ್ನಡದಲ್ಲಿಯೂ ಇದೆ. ಕೊಡಬೇಕಾದದ್ದು ಸತ್ತವರ ಖಾತೆಯಿದ್ದ ಶಾಖೆಗೆ, ವಿಮಾ ಕಂಪನಿಗಲ್ಲ. ಕೊಟ್ಟ ದಿನವೇ ಮೊಹರು ಹಾಕಿದ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಅದು ತಿರಸ್ಕಾರವಲ್ಲ. ಕಾರಣ ಬರೆದ ಕಾಗದ ಕೇಳಬೇಕು, 1800-180-1111ಕ್ಕೆ ಕರೆ ಮಾಡಬೇಕು, ವಿಮಾ ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಸಲ್ಲಿಸಬಹುದು. ಈ ವಿವರಗಳಿಗೆ ಪತ್ರದ ಹಿಂದಿನ ಪುಟ ಸಾಕಾಗುತ್ತದೆ. ಆ ಪುಟವನ್ನು ನಾಮಿನಿಯ ಹೆಸರಿಗೇ ಬರೆದು, ಸದಸ್ಯೆಯ ಕೈಯಲ್ಲಿ ಪ್ರತ್ಯೇಕ ಪ್ರತಿಯಾಗಿ ಮನೆಗೆ ಕಳಿಸಿ, ಪಾಸ್‌ಬುಕ್ಕಿನೊಳಗೆ ಇಡಿಸಬೇಕು.