ಅಚ್ಚುಕಟ್ಟಾದ ಲೇಖನ, ಕಾಣೆಯಾದ ಮಾತುಗಾರ

ವೆಬಿನಾರ್ ಮುಗಿದ ವಾರದೊಳಗೆ ಅದರ ಲೇಖನರೂಪವನ್ನು ಹೊರತರುವುದು ಈಗ ಹಲವು ಸಂಸ್ಥೆಗಳಲ್ಲಿ ರೂಢಿಯಾಗಿದೆ. ಒಂದು ಗಂಟೆ ಮಾತಾಡಿದರೆ ಕನ್ನಡದಲ್ಲಿ ಸುಮಾರು ಐದಾರು ಸಾವಿರ ಪದಗಳಾಗುತ್ತವೆ. ಅದನ್ನು ಸಾವಿರದೈನೂರಕ್ಕೆ ಇಳಿಸಿ, ಉಪಶೀರ್ಷಿಕೆ ಹಾಕಿ, ಕೊನೆಗೊಂದು ಸಾರಾಂಶ ಸೇರಿಸಿದರೆ ಕೆಲಸ ಆಯಿತು ಎನ್ನುವುದು ಸಾಮಾನ್ಯ ನಂಬಿಕೆ. ಹಾಗೆ ಬಂದ ಲೇಖನಗಳಲ್ಲಿ ಮಾಹಿತಿ ಇರುತ್ತದೆ, ವ್ಯಾಕರಣ ಸರಿಯಿರುತ್ತದೆ. ಆದರೆ ಹತ್ತು ಜನರ ಹತ್ತು ಲೇಖನ ಓದಿದರೂ ಮಾತಾಡಿದ್ದು ಒಬ್ಬರೇ ಅನ್ನಿಸುತ್ತದೆ. ಕೃಷಿಕರು, ವೈದ್ಯರು, ಲೆಕ್ಕಪರಿಶೋಧಕರು ಎಲ್ಲರೂ ಸರ್ಕಾರಿ ಸುತ್ತೋಲೆಯ ಭಾಷೆಯಲ್ಲಿ ಮಾತಾಡತೊಡಗುತ್ತಾರೆ.

ಇದಕ್ಕೆ ಮದ್ದಾಗಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ‘ಹಾಕ್ಬಿಡ್ತೀವಲ್ಲ’, ‘ಏನಂದ್ರೆ’, ‘ಅಲ್ವಾ’ಗಳನ್ನೆಲ್ಲ ಹಾಗೇ ಉಳಿಸಿ, ಇದೇ ಮಾತುಗಾರರ ದನಿ ಎನ್ನುತ್ತಾರೆ. ಕಿವಿಗೆ ಸಹಜವಾಗಿದ್ದ ‘ಏನಂದ್ರೆ’ ಅಚ್ಚಿನಲ್ಲಿ ಕಣ್ಣಿಗೆ ಅಡ್ಡ ಬರುತ್ತದೆ. ಸಭ್ಯವಾಗಿ, ಸ್ಪಷ್ಟವಾಗಿ ಮಾತಾಡಿದ್ದವರು ಪುಟದ ಮೇಲೆ ತಡವರಿಸುವವರಂತೆ ಕಾಣುತ್ತಾರೆ. ಎರಡೂ ದಾರಿಯಲ್ಲಿ ತಪ್ಪು ಒಂದೇ: ದನಿ ಎಂದರೆ ಪದಗಳ ಮೇಲ್ಮೈ ಎಂದು ಭಾವಿಸುವುದು. ನನ್ನ ಮಟ್ಟಿಗೆ ದನಿ ಇರುವುದು ಮಾತುಗಾರರು ಯಾರನ್ನು ಎದುರಿಗಿಟ್ಟುಕೊಂಡು ಹೇಳುತ್ತಿದ್ದಾರೆ, ಯಾವುದನ್ನು ಎಷ್ಟು ಖಾತ್ರಿಯಿಂದ ಹೇಳುತ್ತಿದ್ದಾರೆ, ಯಾವುದಾದ ಮೇಲೆ ಯಾವುದನ್ನು ಹೇಳುತ್ತಿದ್ದಾರೆ ಎನ್ನುವುದರಲ್ಲಿ. ಈ ಮೂರು ಉಳಿದರೆ ಉಳಿದದ್ದನ್ನು ಧೈರ್ಯವಾಗಿ ತಿದ್ದಬಹುದು.

ಒಂದು ತುಣುಕನ್ನು ತೆಗೆದುಕೊಂಡು ನೋಡೋಣ. ಕೊಳವೆಬಾವಿಗೆ ಮಳೆನೀರು ಇಂಗಿಸುವ ಬಗ್ಗೆ ಅನುಭವಿಯೊಬ್ಬರು ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಮಾತು ನಾನೇ ಉದಾಹರಣೆಗಾಗಿ ಕಟ್ಟಿದ್ದು. ರೆಕಾರ್ಡಿಂಗಿನ ಜೊತೆ ಸಿಗುವ ಪಠ್ಯದ ಕಡತದಲ್ಲಿ ಅದು ಹೀಗಿರುತ್ತದೆ:

```
00:23:41.200 --> 00:23:58.900
ಈಗ ಏನಂದ್ರೆ ಕೇಸಿಂಗ್ ಸುತ್ತ ಗುಂಡಿ ತೆಗೀತೀವಿ ಎಷ್ಟು
ಎಂಟಡಿ ಅಲ್ಲ ಹತ್ತಡಿ ಅನ್ನಿ ಹತ್ತು ಹತ್ತು ಹತ್ತು
ಕೆಲವರು ಎಂಟಕ್ಕೇ ನಿಲ್ಲಿಸ್ತಾರೆ
ಮಣ್ಣು ಕುಸಿಯೋ ಜಾಗ ಆದ್ರೆ ನಿಲ್ಲಿಸ್ಲೇಬೇಕು

00:23:59.400 --> 00:24:21.000
ಆಮೇಲೆ ಕೇಸಿಂಗಿಗೆ ತೂತು ತೂತು ಅಂದ ತಕ್ಷಣ ಎಲ್ರೂ
ಹೆದರ್ತಾರೆ ಬೋರ್‌ವೆಲ್ಲಿಗೇ ತೂತು ಹೊಡೆಯೋದಾ ಅಂತ
ಹೆದರ್ಬೇಡಿ ಆದ್ರೆ ಮೆಶ್ ಸುತ್ತೋದು ಮಾತ್ರ ಬಿಡ್ಬೇಡಿ
ನಮ್ಮೂರ ಪಕ್ಕ ಒಬ್ರು ಬಿಟ್ಟಿದ್ರಂತೆ ಮರಳೆಲ್ಲ ಒಳಗೋಗಿ
ಮೋಟ್ರು ಕೂತೋಯ್ತಂತೆ ಮೆಶ್ ಬಿಡ್ಬೇಡಿ
```

ಇದನ್ನು ರೂಢಿಯಂತೆ ಅಚ್ಚುಕಟ್ಟು ಮಾಡಿದರೆ ಬರುವುದು ಇದು: “ಕೇಸಿಂಗ್ ಪೈಪಿನ ಸುತ್ತ 10 ಅಡಿ ಉದ್ದ, ಅಗಲ ಹಾಗೂ ಆಳದ ಗುಂಡಿಯನ್ನು ನಿರ್ಮಿಸಲಾಗುತ್ತದೆ. ನಂತರ ಪೈಪಿಗೆ ರಂಧ್ರಗಳನ್ನು ಕೊರೆದು ಜಾಲರಿಯನ್ನು ಅಳವಡಿಸುವುದು ಅತ್ಯವಶ್ಯಕ. ಇಲ್ಲವಾದಲ್ಲಿ ಮರಳು ಒಳಸೇರಿ ಮೋಟಾರ್ ಹಾಳಾಗುತ್ತದೆ.”

ಮೇಲುನೋಟಕ್ಕೆ ಏನೂ ಬಿಟ್ಟುಹೋಗಿಲ್ಲ. ಒಳಗೆ ಮಾತ್ರ ನಾಲ್ಕು ಸಂಗತಿಗಳು ಹೋಗಿವೆ. ಮೊದಲನೆಯದು ಎಂಟಡಿ. ಸಂಪಾದಕರು ‘ಎಂಟಡಿ ಅಲ್ಲ’ ಎಂಬುದನ್ನು ಬಾಯಿತಪ್ಪು ಎಂದು ಬಗೆದು ಅಳಿಸಿದ್ದಾರೆ. ಆದರೆ ಮುಂದಿನ ವಾಕ್ಯವೇ ಹೇಳುತ್ತದೆ, ಎಂಟು ಕೂಡ ಅವರ ತಲೆಯಲ್ಲಿದ್ದ ಸಂಖ್ಯೆ; ಮಣ್ಣು ಕುಸಿಯುವ ಜಾಗಕ್ಕೆ ಅದೇ ಸರಿ. ಆ ಷರತ್ತು ಹೋದದ್ದರಿಂದ ಸಡಿಲ ಮಣ್ಣಿನವರೂ ಹತ್ತಡಿ ಅಗೆಯಲು ಹೊರಡಬಹುದು. ಮಾತುಗಾರರು ತಮ್ಮನ್ನು ತಾವೇ ತಿದ್ದಿಕೊಂಡಾಗ ಕೂಡಲೇ ಅಳಿಸದೆ, ಇನ್ನೆರಡು ವಾಕ್ಯ ಕೇಳಿ ಆಮೇಲೆ ತೀರ್ಮಾನಿಸಬೇಕು.

ಎರಡನೆಯದು ಹೆದರಿಕೆ. ಬೋರ್‌ವೆಲ್ಲಿಗೇ ತೂತು ಹೊಡೆಯುವುದೇ ಎಂಬ ಪ್ರಶ್ನೆ ಕೇಳುಗರ ಮನಸ್ಸಿನಲ್ಲಿ ಏಳುತ್ತದೆ ಎಂದು ಮಾತುಗಾರರಿಗೆ ಗೊತ್ತಿತ್ತು. ಅವರು ಈ ಕೆಲಸವನ್ನು ಹಲವರ ತೋಟದಲ್ಲಿ ಮಾಡಿ, ಹಲವರ ಮುಖ ನೋಡಿದ್ದಾರೆ ಎಂಬುದಕ್ಕೆ ಮಾತಿನಲ್ಲಿ ಇದ್ದ ಒಂದೇ ಸಾಕ್ಷಿ ಆ ವಾಕ್ಯ. ಮೂರನೆಯದು ಖಾತ್ರಿಯ ಪ್ರಮಾಣ. ‘ಬಿಟ್ಟಿದ್ರಂತೆ’, ‘ಕೂತೋಯ್ತಂತೆ’ ಎಂದಾಗ ಅವರು ಕೇಳಿದ್ದನ್ನು ಕೇಳಿದ್ದು ಎಂದೇ ಹೇಳಿದ್ದಾರೆ. ತಿದ್ದಿದ ರೂಪದಲ್ಲಿ ಪಕ್ಕದ ಊರಿನ ಸುದ್ದಿ ಸಾರ್ವತ್ರಿಕ ನಿಯಮವಾಯಿತು. ‘ಅಂತೆ’, ‘ಇರಬಹುದು’, ‘ನಾನು ನೋಡಿದ ಮಟ್ಟಿಗೆ’ ಇವುಗಳನ್ನು ಅನಗತ್ಯ ಎಂದು ತೆಗೆಯುವುದು ಶೈಲಿಯ ತಪ್ಪಿಗಿಂತ ದೊಡ್ಡದು. ಅದು ಹೇಳದ್ದನ್ನು ಹೇಳಿಸಿದಂತೆ. ನಾಲ್ಕನೆಯದು ಎದುರಿಗಿರುವ ಮನುಷ್ಯ. ‘ಬಿಡಬೇಡಿ’ ಎಂದದ್ದು ‘ಅತ್ಯವಶ್ಯಕ’ ಆದಾಗ, ಯಾರಿಗೆ ಹೇಳಿದ್ದು, ಯಾರು ಮಾಡಬೇಕು ಎಂಬುದೇ ಮಾಯವಾಗುತ್ತದೆ.

ಹಾಗಾದರೆ ಹೇಗೆ ಬರೆಯಬೇಕಿತ್ತು? “ಕೇಸಿಂಗ್ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಗುಂಡಿ ತೆಗೆಯುತ್ತೇವೆ. ಕೆಲವರು ಎಂಟಕ್ಕೇ ನಿಲ್ಲಿಸುತ್ತಾರೆ. ಮಣ್ಣು ಕುಸಿಯುವ ಜಾಗವಾದರೆ ನಿಲ್ಲಿಸಲೇಬೇಕು. ಆಮೇಲೆ ಕೇಸಿಂಗಿಗೆ ತೂತು. ತೂತು ಎಂದ ತಕ್ಷಣ ಎಲ್ಲರೂ ಹೆದರುತ್ತಾರೆ, ಬೋರ್‌ವೆಲ್ಲಿಗೇ ತೂತು ಹೊಡೆಯುವುದೇ ಎಂದು. ಹೆದರಬೇಡಿ. ಆದರೆ ಮೆಶ್ ಸುತ್ತುವುದನ್ನು ಮಾತ್ರ ಬಿಡಬೇಡಿ. ನಮ್ಮೂರ ಪಕ್ಕದಲ್ಲಿ ಒಬ್ಬರು ಬಿಟ್ಟಿದ್ದರಂತೆ. ಮರಳೆಲ್ಲ ಒಳಗೆ ಹೋಗಿ ಮೋಟರು ಕೂತುಹೋಯಿತಂತೆ.” ಇಲ್ಲಿ ಕ್ರಿಯಾಪದಗಳೆಲ್ಲ ಬರಹದ ರೂಪಕ್ಕೆ ಬಂದಿವೆ, ‘ಏನಂದ್ರೆ’ ಹೋಗಿದೆ, ಎರಡನೇ ಸಲದ ‘ಮೆಶ್ ಬಿಡ್ಬೇಡಿ’ ಕೂಡ ಹೋಗಿದೆ. ಕೇಳುವವರು ಹಿಂದಕ್ಕೆ ತಿರುಗಿ ನೋಡಲಾರರು ಎಂದೇ ಮಾತಿನಲ್ಲಿ ಎಚ್ಚರಿಕೆಯನ್ನು ಎರಡು ಸಲ ಹೇಳುತ್ತೇವೆ, ಓದುವವರು ನೋಡಬಲ್ಲರು. ಆದರೂ ಮನುಷ್ಯ ಅಲ್ಲೇ ಇದ್ದಾರೆ.

ಇಷ್ಟೆಲ್ಲ ಉಳಿಸಿಕೊಂಡರೆ ಐದು ಸಾವಿರ ಪದ ಸಾವಿರದೈನೂರಕ್ಕೆ ಇಳಿಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ರೂಢಿಯ ದೊಡ್ಡ ದೋಷ ಇಲ್ಲೇ ಇದೆ. ಪ್ರತಿ ವಾಕ್ಯವನ್ನೂ ಮೂರನೇ ಒಂದಕ್ಕೆ ಸವೆಸಿದರೆ ಎಲ್ಲ ವಿಷಯವೂ ಉಳಿಯುತ್ತದೆ, ಯಾವುದಕ್ಕೂ ಉಸಿರು ಇರುವುದಿಲ್ಲ. ಅದರ ಬದಲು ಇಡೀ ಭಾಗಗಳನ್ನೇ ಬಿಡಬೇಕು. ಸ್ವಾಗತ, ಪರಿಚಯ, ‘ನನ್ನ ದನಿ ಕೇಳಿಸ್ತಿದೆಯಾ’ ಎಂಬಂಥದ್ದು ತಾನಾಗಿ ಹೋಗುತ್ತದೆ. ಆಮೇಲೆ ಒಂದೇ ಮಾತನ್ನು ಸಾಧಿಸುವ ಮೂರು ಪ್ರಸಂಗಗಳಿದ್ದರೆ ಗಟ್ಟಿಯಾದ ಒಂದನ್ನು ಪೂರ್ತಿ ಇಟ್ಟು ಎರಡನ್ನು ಕೈಬಿಡಬೇಕು. ಕಡಿಮೆ ವಿಷಯ, ಪೂರ್ಣ ವಾಕ್ಯ: ದನಿ ಉಳಿಯುವ ದಾರಿ ಇದೊಂದೇ.

ಪ್ರಶ್ನೋತ್ತರದ ಭಾಗವನ್ನು ಇಡಿಯಾಗಿ ಕತ್ತರಿಸುವವರು ಇನ್ನೊಂದು ನಷ್ಟ ಮಾಡಿಕೊಳ್ಳುತ್ತಾರೆ. ಮುಖ್ಯ ಭಾಷಣದಲ್ಲಿ ಉತ್ಸಾಹದಿಂದ ಹೇಳಿದ ಮಾತಿಗೆ ಮಿತಿ ಬೀಳುವುದು ಅಲ್ಲಿಯೇ. ನಮ್ಮ ಉದಾಹರಣೆಯಲ್ಲಿ ಯಾರೋ, ಕೊಟ್ಟಿಗೆಯ ನೀರು ಆ ಕಡೆಗೇ ಹರಿಯುತ್ತದೆ, ಪರವಾಗಿಲ್ಲವೇ ಎಂದು ಕೇಳುತ್ತಾರೆ. ‘ಹಾಗಿದ್ರೆ ಅಲ್ಲಿ ಮಾಡ್ಲೇಬೇಡಿ, ಗಲೀಜು ನೇರ ಬಾವಿಗೆ ಇಳಿಯುತ್ತೆ’ ಎಂಬ ಉತ್ತರ ಬರುತ್ತದೆ. ಇದು ಇಡೀ ವಿಧಾನದ ಷರತ್ತು. ಇದನ್ನು ಗುಂಡಿಯ ವಿವರಣೆಯ ಪಕ್ಕಕ್ಕೆ ತರಬೇಕು, ಆದರೆ ‘ಕೇಳುಗರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ’ ಎಂದು ಸೇರಿಸಿ ತರಬೇಕು. ಇಲ್ಲದಿದ್ದರೆ ಮಾತುಗಾರರು ಮೊದಲೇ ಎಲ್ಲವನ್ನೂ ಯೋಚಿಸಿ ಹೇಳಿದ್ದರು ಎಂಬ ಸುಳ್ಳು ಚಿತ್ರ ಮೂಡುತ್ತದೆ. ಹಾಗೆಯೇ ಅವರು ‘ಇಲ್ನೋಡಿ, ಇದರ ಮೇಲೆ ಇದು’ ಎಂದಾಗ ಪಠ್ಯ ಏನನ್ನೂ ಹೇಳುವುದಿಲ್ಲ. ಆ ಸಮಯದ ಸ್ಲೈಡನ್ನು ತೆರೆದು, ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲೆ ಮರಳು ಎಂದು ಸಂಪಾದಕರೇ ತುಂಬಬೇಕು. ರೆಕಾರ್ಡಿಂಗ್ ನೋಡದೆ ಪಠ್ಯವನ್ನಷ್ಟೇ ತಿದ್ದುವುದು ಹೀಗಾಗಿ ಅರ್ಧ ಕೆಲಸ.

ಮಾತನ್ನು ಬರಹಕ್ಕಿಳಿಸುವ ಈ ಕಷ್ಟ ವೆಬಿನಾರಿನಿಂದ ಹುಟ್ಟಿದ್ದಲ್ಲ. ಭಾಷಾವಿಜ್ಞಾನದ ಬುನಾದಿ ಎನಿಸಿದ ಸೊಸ್ಯೂರನ ಗ್ರಂಥ 1916ರಲ್ಲಿ ಬಂದಾಗ ಅವನು ಬದುಕಿರಲಿಲ್ಲ. ಆ ಉಪನ್ಯಾಸಗಳಲ್ಲಿ ಸ್ವತಃ ಕೂತಿರದ ಬಾಯಿ ಮತ್ತು ಸೆಶೆಯೆ ಎಂಬ ಇಬ್ಬರು, ಅಲ್ಲಿ ಕೂತಿದ್ದ ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಅದನ್ನು ಕಟ್ಟಿದರು. ಅವರು ಕಟ್ಟದಿದ್ದರೆ ಆ ವಿಚಾರಗಳೇ ಲೋಕಕ್ಕೆ ತಲುಪುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಪುಸ್ತಕವನ್ನು ಮುಗಿಸುವ, ಲೆಕ್ಕವಿಲ್ಲದಷ್ಟು ಸಲ ಉದ್ಧರಿಸಲ್ಪಟ್ಟ ವಾಕ್ಯ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಇಲ್ಲವೆಂದು ಮುಂದೆ ತಿಳಿಯಿತು. ಅದು ಸಂಪಾದಕರದು. ವೆಬಿನಾರ್ ಲೇಖನದ ಕೊನೆಗೆ ನಾವು ಅಂಟಿಸುವ ‘ಒಟ್ಟಿನಲ್ಲಿ ಹೇಳುವುದಾದರೆ’ ಎಂಬ ಪ್ಯಾರಾ ಅದೇ ಜಾತಿಯದು. ಮಾತುಗಾರರು ಹೇಳದ ತೀರ್ಮಾನ ಅವರ ಹೆಸರಿನಲ್ಲೇ ಓಡಾಡತೊಡಗುತ್ತದೆ.

ಇದಕ್ಕೆದುರಾಗಿ ರಿಚರ್ಡ್ ಫೈನ್‌ಮನ್ 1961ರಿಂದ 1963ರವರೆಗೆ ಕ್ಯಾಲ್ಟೆಕ್‌ನಲ್ಲಿ ಮಾಡಿದ ಭೌತಶಾಸ್ತ್ರದ ಪಾಠಗಳಿವೆ. ಅವುಗಳ ಧ್ವನಿಮುದ್ರಣ ನಡೆಯಿತು, ಕಪ್ಪುಹಲಗೆಯ ಚಿತ್ರಗಳನ್ನೂ ತೆಗೆದಿಟ್ಟರು. ಲೈಟನ್ ಮತ್ತು ಸ್ಯಾಂಡ್ಸ್ ಜೊತೆಗೂಡಿ ಪುಸ್ತಕ ಮಾಡಿದರು. ಇದು ಹೇಳಿದ್ದು ಹೇಳಿದಂತೆ ಇರುವ ಪಠ್ಯವಲ್ಲ, ಕೆಲವೆಡೆ ಸಾಕಷ್ಟು ತಿದ್ದಲಾಗಿದೆ ಎಂದು ಫೈನ್‌ಮನ್ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾರೆ. ಆದರೂ ಓದುವಾಗ ಎದುರಿಗೆ ಮನುಷ್ಯರೊಬ್ಬರು ನಿಂತು ವಿವರಿಸುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಪ್ರಶ್ನೆ ಎತ್ತಿ, ಊಹಿಸಿ, ಆ ಊಹೆ ಎಲ್ಲಿ ಮುರಿಯುತ್ತದೆ ಎಂದು ತೋರಿಸುವ ಅವರ ಕ್ರಮ ಅಲ್ಲಿ ಕೆಡದೆ ಉಳಿದಿದೆ. ಎಷ್ಟು ತಿದ್ದಿದರು ಎನ್ನುವುದಕ್ಕಿಂತ ಯಾವುದನ್ನು ಮುಟ್ಟಲಿಲ್ಲ ಎನ್ನುವುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ತೋಚದು.

ಲೇಖನ ಹದ ತಪ್ಪಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಮುಗಿದ ಪ್ರತಿಯ ಪ್ರತಿ ವಾಕ್ಯದ ಪಕ್ಕದಲ್ಲಿ ಅದು ರೆಕಾರ್ಡಿಂಗಿನ ಎಷ್ಟನೇ ನಿಮಿಷದ್ದು ಎಂದು ಗುರುತು ಹಾಕಿ. ಸಮಯ ಸಿಗದ ವಾಕ್ಯ ನಿಮ್ಮದು. ಅದನ್ನು ತೆಗೆಯಿರಿ, ಇಲ್ಲವೇ ಸಂಪಾದಕರ ಮಾತೆಂದು ಬೇರ್ಪಡಿಸಿ. ಆಮೇಲೆ ‘ಲಾಗುತ್ತದೆ’, ‘ಲಾಯಿತು’ ಎಂದು ಕಡತದಲ್ಲಿ ಹುಡುಕಿ. ‘ತೆಗೆಯುತ್ತೇವೆ’ ಎಂದು ಮಾತಾಡಿದವರ ಲೇಖನದಲ್ಲಿ ಅವು ಸಾಲುಸಾಲಾಗಿ ಸಿಕ್ಕರೆ, ನಿಮ್ಮ ಕೈ ಅವರ ಬಾಯಿಯ ಮೇಲೆ ಬಿದ್ದಿದೆ ಎಂದೇ ಅರ್ಥ.

ಪ್ರತಿಯನ್ನು ಮಾತುಗಾರರಿಗೆ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಒಪ್ಪಿಗೆಯೇ ಕೊನೆಯ ಅಳತೆ ಎಂದುಕೊಳ್ಳಬಾರದು. ತಮ್ಮ ಆಡುಮಾತು ಅಚ್ಚಿನಲ್ಲಿ ಬಂದಾಗ ಬಹಳ ಜನ ಸಂಕೋಚಪಟ್ಟು, ಇನ್ನಷ್ಟು ಘನವಾಗಿ ಬರೆಯಿರಿ ಎನ್ನುತ್ತಾರೆ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಬರುವ ಉತ್ತರ ಅದೇ. ‘ಈ ಅಳತೆ ಸರಿಯೇ, ಈ ಘಟನೆ ನೀವು ಕಂಡದ್ದೇ ಕೇಳಿದ್ದೇ, ಈ ಷರತ್ತು ಎಲ್ಲ ಕಡೆಗೂ ಅನ್ವಯಿಸುತ್ತದೆಯೇ’ ಎಂದು ಕೇಳಿದರೆ ಲೇಖನಕ್ಕೆ ಬೇಕಾದ ಉತ್ತರ ಸಿಗುತ್ತದೆ.

ವೆಬಿನಾರನ್ನು ಲೇಖನವಾಗಿಸುವ ರೂಢಿ ಒಳ್ಳೆಯದು. ಒಂದೂವರೆ ಗಂಟೆ ಪರದೆಯ ಮುಂದೆ ಕೂರಲಾಗದವರಿಗೆ ಹತ್ತು ನಿಮಿಷದಲ್ಲಿ ತಿರುಳು ಸಿಗುತ್ತದೆ. ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಅದು ಸಾರಾಂಶವೇ ಹೊರತು ಮಾತಿನ ಬರಹರೂಪವಲ್ಲ, ಮಾತುಗಾರರ ಹೆಸರಿನಡಿ ಅದನ್ನು ಅಚ್ಚುಮಾಡುವುದು ಸರಿಯಲ್ಲ. ಸಾರಾಂಶ ಬರೆಯುವುದಾದರೆ ಸಂಪಾದಕರು ತಮ್ಮ ಹೆಸರಿನಲ್ಲೇ ಬರೆಯಲಿ. ಮಾತುಗಾರರ ಹೆಸರು ಹಾಕುವುದಾದರೆ ‘ಸಂಪಾದಿತ ರೂಪ’ ಎಂಬ ಒಂದು ಸಾಲನ್ನೂ ಮೂಲ ರೆಕಾರ್ಡಿಂಗಿನ ಕೊಂಡಿಯನ್ನೂ ಕೊಡಲಿ.