ಅಂದಾಜಿನ ಎರಡು ಅಂಚುಗಳು

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು, 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಸವಾನಂತರ ರಕ್ತಸ್ರಾವದ ಚಿಕಿತ್ಸಾ ಪರೀಕ್ಷೆಯೊಂದರ ಸಾರಾಂಶವನ್ನು ವಿಜ್ಞಾನ ಮಾಸಪತ್ರಿಕೆಗಾಗಿ ಕನ್ನಡಕ್ಕೆ ತರುವ ಕೆಲಸದಲ್ಲಿ ಈ ವಾರ ತೊಡಗಿದ್ದೇನೆ. ಯಾದಗಿರಿಯಲ್ಲಿ ಕುಳಿತು ಬರೆಯುವ ನನಗೆ, ಶಹಾಪುರ ಸುರಪುರಗಳ ಸುತ್ತಿನ ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರುಗಳೇ ಈ ಬರಹದ ಪ್ರಥಮ ವಾಚಕರು. ಏಕೆಂದರೆ ಆ ಪರೀಕ್ಷೆಯಲ್ಲಿ ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತವನ್ನು ಅಳೆದವರು ಅಂಥವರೇ 25 ಮಂದಿ.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ 1620 ಸ್ತ್ರೀಯರಲ್ಲಿ 812 ಮಂದಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ, 808 ಮಂದಿಗೆ ಔಷಧಾಂಶವಿಲ್ಲದ ಗುಳಿಗೆಯನ್ನೂ ಹೆರಿಗೆಯಾದ ಕೂಡಲೆ ಕೊಡಲಾಯಿತು. ಬಾಣಂತಿಯ ಕೆಳಗೆ ಹಾಸಿದ, ಅಳತೆಗೆರೆಗಳುಳ್ಳ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗಂಟೆಗಳೊಳಗೆ 500 ಮಿಲಿಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಕೂಡಿದರೆ ಅದನ್ನು ಅತಿಸ್ರಾವವೆಂದು ಎಣಿಸಿದರು. ಔಷಧವಿಲ್ಲದವರಲ್ಲಿ ಅದು ಶೇಕಡ 12, ಔಷಧ ಪಡೆದವರಲ್ಲಿ ಶೇಕಡ 6.4. ಇವೆರಡರ ಅನುಪಾತವನ್ನು ಮೂಲವು 0.53 ಎಂದು ಕೊಟ್ಟು, ಅದರ ಮಗ್ಗುಲಲ್ಲಿಯೇ ಶೇಕಡ 95ರ ವಿಶ್ವಾಸಾಂತರವನ್ನು 0.39ರಿಂದ 0.74 ಎಂದು ನಮೂದಿಸಿದೆ.

‘ಗುಳಿಗೆಯಿಂದ ರಕ್ತಸ್ರಾವ ಅರ್ಧಕ್ಕಿಳಿಯಿತು’ ಎಂಬ ವಾಕ್ಯ ಲೇಖನಿಗೆ ಬಲು ಸುಲಭವಾಗಿ ಬರುತ್ತದೆ. ಆದರೆ ಅದು ಎರಡು ಬಗೆಯಲ್ಲಿ ತಪ್ಪು. ಮೊದಲನೆಯದಾಗಿ, ಅರ್ಧಕ್ಕಿಳಿದುದು ಅತಿಸ್ರಾವಕ್ಕೆ ಒಳಗಾದವರ ಸಂಖ್ಯೆಯೇ ಹೊರತು ಹರಿದ ರಕ್ತದ ಪ್ರಮಾಣವಲ್ಲ. ಸರಾಸರಿ ರಕ್ತನಷ್ಟ 262.3 ಮಿಲಿಲೀಟರಿನಿಂದ 214.3ಕ್ಕೆ ಮಾತ್ರ ಇಳಿದಿದೆ. ಎರಡನೆಯದಾಗಿ, ಆ ವಾಕ್ಯದಲ್ಲಿ ಅಂತರವೇ ಕಾಣೆಯಾಗಿದೆ. ಅನುಪಾತವನ್ನು ಬಿಟ್ಟು ತಲೆಯೆಣಿಕೆಗೆ ಇಳಿದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ: ಔಷಧವಿಲ್ಲದ ಸಾವಿರ ಹೆರಿಗೆಗಳಲ್ಲಿ 120 ಮಂದಿಗೆ ಅತಿಸ್ರಾವವಾಗುವ ಕಡೆ, ಔಷಧವಿದ್ದಾಗ ಅದು ಸುಮಾರು 64 ಮಂದಿಗೆ ಆದೀತೆಂಬುದು ಉತ್ತಮ ಅಂದಾಜು, ಆದರೆ 47ರಿಂದ 89ರವರೆಗಿನ ಯಾವ ಸಂಖ್ಯೆಯೂ ಈ ಪರೀಕ್ಷೆಯಲ್ಲಿ ಕಂಡುದಕ್ಕೆ ವಿರುದ್ಧವಾಗದು. 120ನ್ನು 0.39ರಿಂದಲೂ 0.74ರಿಂದಲೂ ಗುಣಿಸಿದರೆ ಈ ಅಂಚುಗಳು ದೊರೆಯುತ್ತವೆ. ಮೇಲಿನ ಅಂಚೂ 120ಕ್ಕಿಂತ ಸಾಕಷ್ಟು ಕೆಳಗಿರುವುದರಿಂದ, ಕೇವಲ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಬಂದಿತೆನ್ನುವುದು ಕಷ್ಟ.

ಇಲ್ಲಿ ‘ಸತ್ಯವು ಈ ಅಂತರದೊಳಗಿರುವ ಸಂಭವ ಶೇಕಡ 95’ ಎಂದು ಬರೆಯಲು ಕೈ ಹವಣಿಸುತ್ತದೆ. ನಾನು ಅದನ್ನು ತಡೆಯುತ್ತೇನೆ. ಇದೇ ಬಗೆಯ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿ, ಪ್ರತಿಸಲವೂ ಹೀಗೆಯೇ ಅಂತರವೊಂದನ್ನು ಗುರುತಿಸುತ್ತ ಹೋದರೆ, ಅಂಥ ನೂರು ಅಂತರಗಳಲ್ಲಿ ಸುಮಾರು 95 ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ ಎಂಬಷ್ಟೇ ಆ 95ರ ಭರವಸೆ. ಆ ಭರವಸೆ ವಿಧಾನದ್ದು, ಕೈಯಲ್ಲಿರುವ ಈ ಒಂದು ಅಂತರದ್ದಲ್ಲ. ಒಬ್ಬ ಬಾಣಂತಿಗೆ ಹೆಚ್ಚು, ಇನ್ನೊಬ್ಬಳಿಗೆ ಕಡಿಮೆ ಗುಣವಾಗುತ್ತದೆಂಬ ಅರ್ಥವೂ ಅದಕ್ಕಿಲ್ಲ.

ಸಾವಿರ ಮಿಲಿಲೀಟರನ್ನು ಮುಟ್ಟುವ ತೀವ್ರಸ್ರಾವದ ಸಾಲಿನಲ್ಲಿ ಅಂತರವನ್ನು ಕೈಬಿಟ್ಟರೆ ಅನ್ಯಾಯವೇ ಆದೀತು. ಶೇಕಡ 1.2ರಿಂದ 0.2ಕ್ಕೆ ಇಳಿಕೆ, ಅನುಪಾತ 0.20, ‘ಐದರಲ್ಲಿ ನಾಲ್ಕು ಪಾಲು ತಪ್ಪಿತು’ ಎಂಬ ಶೀರ್ಷಿಕೆಗೆ ಯಾವ ಸಂಪಾದಕನಾದರೂ ಮನಸೋತಾನು. ಆದರೆ ಶೇಕಡವನ್ನು ಬಿಡಿಸಿ ನೋಡಿದರೆ, ಒಂದು ಕಡೆ ಹತ್ತು ಮಂದಿ, ಮತ್ತೊಂದು ಕಡೆ ಇಬ್ಬರು, ಇಷ್ಟೇ. ಇಷ್ಟು ವಿರಳ ಘಟನೆಗಳ ಮೇಲೆ ನಿಂತುದರಿಂದಲೇ ಅಂತರ 0.04ರಿಂದ 0.91ರವರೆಗೆ ಹಿಗ್ಗಿದೆ: ಸಾವಿರಕ್ಕೆ 12 ಇದ್ದದ್ದು ಒಂದಕ್ಕಿಂತ ಕಡಿಮೆಯೂ ಆಗಬಹುದು, 11ರಲ್ಲಿಯೇ ನಿಲ್ಲಲೂಬಹುದು. ಆದ್ದರಿಂದ ನನ್ನ ವಾಕ್ಯ ಹೀಗಿದೆ: ‘ತೀವ್ರಸ್ರಾವವೂ ಇಳಿದಂತೆ ಕಾಣುತ್ತದೆ, ಎಷ್ಟು ಇಳಿಯಿತೆಂಬುದನ್ನು ಈ ಹನ್ನೆರಡು ಪ್ರಸಂಗಗಳಿಂದ ಹೇಳಲಾಗದು.’

18 ಮಂದಿಗೆ ಔಷಧ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆಂದು ಸಾರಾಂಶ ಹೇಳುತ್ತದೆ, ಅಂಚುಗಳನ್ನು ಹೇಳುವುದಿಲ್ಲ. ಅಲ್ಲಿನ ಶೇಕಡಗಳಿಂದಲೇ ಲೆಕ್ಕ ಹಾಕಿದಾಗ ಸ್ಥೂಲವಾಗಿ 12ರಿಂದ 36 ಎಂದು ಬಂದಿತು. ಮೂಲದಲ್ಲಿಲ್ಲದುದನ್ನು ಮೂಲದ್ದೆಂಬಂತೆ ಸೇರಿಸಬಾರದಾದುದರಿಂದ, ಇದು ಲೇಖಕನ ಗಣನೆಯೆಂದು ಅಲ್ಲಿಯೇ ತಿಳಿಸಿದ್ದೇನೆ.

ಸುರಪುರದ ಸಿಸ್ಟರು ‘ನಮ್ಮೂರಿನಲ್ಲಿಯೂ ಹದಿನೆಂಟೇ ಏನು?’ ಎಂದು ಕೇಳಿದರೆ, ವಿಶ್ವಾಸಾಂತರ ಅದಕ್ಕೆ ಉತ್ತರಿಸಲಾರದು; ಅದು ಲೆಕ್ಕಕ್ಕೆ ಹಿಡಿಯುವುದು ಆಕಸ್ಮಿಕವನ್ನು ಮಾತ್ರ, ಊರೂರಿನ ಭೇದವನ್ನಾಗಲಿ ಅಳತೆಯ ದೋಷವನ್ನಾಗಲಿ ಅಲ್ಲ. ಬೆಳಗಾವಿಯಲ್ಲಿಯೇ ಕಾಲ ಸರಿದಂತೆ ಎರಡೂ ಗುಂಪುಗಳಲ್ಲಿ ಅತಿಸ್ರಾವ ಕಡಿಮೆಯಾಗುತ್ತ ಬಂದಿತೆಂದು ಸಾರಾಂಶವೇ ಹೇಳುತ್ತದೆ. ಮೊದಲಿಗೇ ಸಾವಿರಕ್ಕೆ 60 ಮಂದಿಗೆ ಮಾತ್ರ ಅತಿಸ್ರಾವವಾಗುವ ಕಡೆ, ಅನುಪಾತ ಅದೇ 0.53 ಇದ್ದರೂ, ಒಬ್ಬಳನ್ನು ಕಾಯಲು 35 ಮಂದಿಗಾದರೂ ಗುಳಿಗೆ ಕೊಡಬೇಕಾಗುತ್ತದೆ. ಈ ಕಾರಣದಿಂದ 18ನ್ನು ಶೀರ್ಷಿಕೆಯಿಂದ ತೆಗೆದು, ಸಾವಿರಕ್ಕೆ 120 ಎಂಬ ಮೂಲಪ್ರಮಾಣವಿರುವ ಸಾಲಿನೊಳಗೇ ಇಟ್ಟಿದ್ದೇನೆ.